ಹೊಲಿಯದೇ ಉಳಿದ ಇನ್ನೂರು ಪ್ಯಾಂಟುಗಳು

ಸೆಮಿಸ್ಟರ್ ಮುಗಿದು ಉತ್ತರ ಪತ್ರಿಕೆಗಳ ಕಟ್ಟು ಮೇಜಿನ ಮೇಲೆ ಬಂದು ಕುಳಿತಾಗ ನಾನು ಎಲ್ಲಕ್ಕಿಂತ ಮೊದಲು ತೆರೆದು ನೋಡುವುದು ಒಂದೇ ಪ್ರಶ್ನೆಯ ಉತ್ತರವನ್ನು: ‘ತೆರಿಗೆಯಿಂದ ಉಂಟಾಗುವ ಡೆಡ್‌ವೇಟ್ ನಷ್ಟವನ್ನು ರೇಖಾಚಿತ್ರದ ಸಹಾಯದಿಂದ ವಿವರಿಸಿ.’ ಚಿತ್ರ ಬಹುತೇಕ ಎಲ್ಲರದೂ ಅಚ್ಚುಕಟ್ಟಾಗಿರುತ್ತದೆ. ಸ್ಕೇಲ್ ಇಟ್ಟು ಎಳೆದ ಬೇಡಿಕೆ ರೇಖೆ, ಪೂರೈಕೆ ರೇಖೆ, ಅವು ಸಂಧಿಸುವಲ್ಲಿ ಒಂದು ಚುಕ್ಕೆ. ಆಮೇಲೆ ಅರ್ಧದಷ್ಟು ಹುಡುಗರು ಪೆನ್ಸಿಲ್ ತೆಗೆದುಕೊಂಡು ಎಡಗಡೆಯ ದೊಡ್ಡ ಆಯತವನ್ನು ಗೀಟುಗಳಿಂದ ತುಂಬಿ, ಬಾಣದ ಗುರುತು ಹಾಕಿ, ‘ಇದೇ ನಷ್ಟ’ ಎಂದು ಬರೆದುಬಿಡುತ್ತಾರೆ. ಬಲಗಡೆಯ ಸಣ್ಣ ತ್ರಿಕೋನ ಖಾಲಿ ಉಳಿದಿರುತ್ತದೆ.

ಬಳ್ಳಾರಿಯ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತಾ ಬಂದಿರುವ ನನಗೆ ಈ ತಪ್ಪಿನ ಮೇಲೆ ಮೊದಮೊದಲು ಸಿಟ್ಟು ಬರುತ್ತಿತ್ತು, ಈಗ ಬರುವುದಿಲ್ಲ. ಆಯತ ಎಂದರೆ ಜನ ಸರ್ಕಾರಕ್ಕೆ ಕಟ್ಟಿದ ಹಣ. ಅದು ಬಿಲ್ಲಿನಲ್ಲಿ ಅಚ್ಚಾಗಿರುತ್ತದೆ, ಅದು ಕಿಸೆಯಿಂದ ಹೋದದ್ದು ಗೊತ್ತಾಗುತ್ತದೆ. ತ್ರಿಕೋನದ ಲೆಕ್ಕ ಯಾವ ಬಿಲ್ಲಿನಲ್ಲೂ ಇರುವುದಿಲ್ಲ, ಏಕೆಂದರೆ ಅದು ನಡೆಯದೇ ಹೋದ ವ್ಯಾಪಾರದ ಲೆಕ್ಕ. ನಡೆಯದ ವ್ಯಾಪಾರಕ್ಕೆ ಬಿಲ್ಲು ಹರಿಯುವವರು ಯಾರು?

ಹಾಗಾಗಿ ಈ ಪಾಠವನ್ನು ನಾನು ಜೀನ್ಸ್ ಪ್ಯಾಂಟಿನಿಂದ ಶುರುಮಾಡುತ್ತೇನೆ. ನಮ್ಮ ಊರಿನಲ್ಲಿ ಜೀನ್ಸ್ ಹೊಲಿಯುವ ಕೆಲಸ ಯಾರಿಗೂ ಹೊಸದಲ್ಲ. ತರಗತಿಯಲ್ಲಿ ಕೂತವರಲ್ಲಿ ಕೆಲವರ ಮನೆಯಲ್ಲೇ ಮಷಿನ್ನುಗಳಿರುತ್ತವೆ, ಕೆಲವರು ಕಾಲೇಜು ಮುಗಿಸಿ ಸಂಜೆ ದಾರ ಕತ್ತರಿಸಲು, ಗುಂಡಿ ಹಾಕಲು ಹೋಗುತ್ತಾರೆ. ಕಟಿಂಗ್, ಹೊಲಿಗೆ, ವಾಷಿಂಗ್, ಪ್ಯಾಕಿಂಗ್ ಎಂದು ಕೈಯಿಂದ ಕೈಗೆ ಹೋಗುವ ಒಂದು ಪೀಸಿನ ಬೆಲೆ ಹೇಗೆ ಏರುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಕೆಳಗಿನ ಅಂಕಿಗಳು ಮಾರುಕಟ್ಟೆಯಿಂದ ತಂದವಲ್ಲ. ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡವು.

ಗ್ರಾಫ್ ಹಾಳೆಯೊಂದನ್ನು ತೆಗೆದುಕೊಳ್ಳಿ. ಅಡ್ಡ ಅಕ್ಷದಲ್ಲಿ ದಿನಕ್ಕೆ ಮಾರಾಟವಾಗುವ ಪ್ಯಾಂಟುಗಳ ಸಂಖ್ಯೆ, ಲಂಬ ಅಕ್ಷದಲ್ಲಿ ಒಂದು ಪ್ಯಾಂಟಿನ ಸಗಟು ಬೆಲೆ. ಬೇಡಿಕೆ ರೇಖೆ 600 ರೂಪಾಯಿಯಿಂದ ಹೊರಟು ಪ್ರತಿ ನೂರು ಪ್ಯಾಂಟಿಗೆ 20 ರೂಪಾಯಿಯಂತೆ ಇಳಿಯುತ್ತದೆ. ಪೂರೈಕೆ ರೇಖೆ 300 ರೂಪಾಯಿಯಿಂದ ಹೊರಟು ಪ್ರತಿ ನೂರು ಪ್ಯಾಂಟಿಗೆ 10 ರೂಪಾಯಿಯಂತೆ ಏರುತ್ತದೆ. ಸೂತ್ರವೇ ಬೇಕೆನ್ನುವವರಿಗೆ:

```
ಬೇಡಿಕೆ:   P = 600 - 0.2Q
ಪೂರೈಕೆ:  P = 300 + 0.1Q
```

ಎರಡೂ ರೇಖೆಗಳು 1,000 ಪ್ಯಾಂಟು, 400 ರೂಪಾಯಿ ಎಂಬಲ್ಲಿ ಸಂಧಿಸುತ್ತವೆ; ಅದೇ ಸಮತೋಲನದ ಚುಕ್ಕೆ. ಇಲ್ಲಿಯವರೆಗೆ ಯಾರಿಗೂ ತೊಂದರೆ ಇಲ್ಲ. ತೊಂದರೆ ಇರುವುದು ರೇಖೆಯನ್ನು ಓದುವ ಕ್ರಮದಲ್ಲಿ. ನಮ್ಮ ಹುಡುಗರು ಬೇಡಿಕೆ ರೇಖೆಯನ್ನು ಅಡ್ಡಡ್ಡ ಓದುತ್ತಾರೆ: ಬೆಲೆ ಇಷ್ಟಾದರೆ ಎಷ್ಟು ಕೊಳ್ಳುತ್ತಾರೆ ಎಂದು. ನಷ್ಟದ ಪಾಠಕ್ಕೆ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡ್ಡ ಅಕ್ಷದಲ್ಲಿ 900ರ ಮೇಲೆ ಬೆರಳಿಟ್ಟು ನೇರ ಮೇಲಕ್ಕೆ ಹೋಗಿ. ಮೊದಲು ಸಿಗುವುದು ಪೂರೈಕೆ ರೇಖೆ, 390 ರೂಪಾಯಿಯಲ್ಲಿ; ಎಂದರೆ ಒಂಬೈನೂರನೆಯ ಪ್ಯಾಂಟನ್ನು ಹೊಲಿದುಕೊಡುವವನಿಗೆ ಬಟ್ಟೆ, ಜಿಪ್ಪು, ಕೂಲಿ, ವಾಷಿಂಗ್ ಎಲ್ಲ ಸೇರಿ ಅಷ್ಟಾದರೂ ಸಿಗದಿದ್ದರೆ ಅವನು ಮಷಿನ್ ಮೇಲೆ ಕೂರುವುದಿಲ್ಲ. ಇನ್ನೂ ಮೇಲಕ್ಕೆ ಹೋದರೆ ಬೇಡಿಕೆ ರೇಖೆ, 420ರಲ್ಲಿ. ಆ ಪ್ಯಾಂಟನ್ನು ಕೊಳ್ಳುವವನು ಹೆಚ್ಚೆಂದರೆ ಅಷ್ಟು ಕೊಡಲು ಸಿದ್ಧ. ನಡುವಿನ ಅಂತರ 30 ರೂಪಾಯಿ. ಬೆಲೆ ಎಷ್ಟೇ ನಿಗದಿಯಾಗಲಿ, ಈ ಒಂದು ವ್ಯಾಪಾರ ನಡೆದರೆ ಇಬ್ಬರ ನಡುವೆ ಒಟ್ಟು 30 ರೂಪಾಯಿಯ ಲಾಭ ಹುಟ್ಟುತ್ತದೆ. ಕೊಳ್ಳುವವನ ಪಾಲಿಗೆ ಬರುವುದನ್ನು ಗ್ರಾಹಕರ ಮಿಗುತೆ ಎಂದೂ ಮಾರುವವನ ಪಾಲಿಗೆ ಬರುವುದನ್ನು ಉತ್ಪಾದಕರ ಮಿಗುತೆ ಎಂದೂ ಕರೆಯುತ್ತೇವೆ. ಆ ಹಂಚಿಕೆ ಸದ್ಯಕ್ಕೆ ಬೇಡ. ಆ 30 ರೂಪಾಯಿಯನ್ನು ಮಾತ್ರ ನೆನಪಿನಲ್ಲಿಟ್ಟುಕೊಳ್ಳಿ.

ಈಗ ಸರ್ಕಾರ ಪ್ಯಾಂಟೊಂದಕ್ಕೆ 60 ರೂಪಾಯಿ ತೆರಿಗೆ ಹಾಕಿತು ಎಂದುಕೊಳ್ಳೋಣ. ನಿಜವಾದ ಜಿಎಸ್‌ಟಿ ಬೆಲೆಯ ಶೇಕಡಾವಾರು ಲೆಕ್ಕದಲ್ಲಿರುತ್ತದೆ, ಆದರೆ ಪೀಸಿಗೆ ಇಷ್ಟು ಎಂದು ಇಟ್ಟುಕೊಂಡರೆ ಚಿತ್ರ ಸ್ವಚ್ಛವಾಗಿರುತ್ತದೆ. ಪಠ್ಯಪುಸ್ತಕಗಳು ಇಲ್ಲಿ ಪೂರೈಕೆ ರೇಖೆಯನ್ನು 60 ರೂಪಾಯಿ ಮೇಲಕ್ಕೆ ಸರಿಸುತ್ತವೆ. ಹುಡುಗರು ಅದನ್ನು ಕಲಿತು, ಧೈರ್ಯಕ್ಕಿರಲಿ ಎಂದು ಬೇಡಿಕೆ ರೇಖೆಯನ್ನೂ ಕೆಳಕ್ಕೆ ಸರಿಸಿ, ತೆರಿಗೆಯನ್ನು ಎರಡು ಸಲ ಹಾಕಿಬಿಡುತ್ತಾರೆ. ನಾನು ಯಾವ ರೇಖೆಯನ್ನೂ ಮುಟ್ಟುವುದಿಲ್ಲ. ಬದಲಿಗೆ ಗ್ರಾಫಿನ ಅಳತೆಯಲ್ಲಿ 60 ರೂಪಾಯಿ ಎತ್ತರಕ್ಕೆ ಸರಿಯಾಗಿ ಒಂದು ಕಾಗದದ ಪಟ್ಟಿ ಕತ್ತರಿಸಿಕೊಳ್ಳಲು ಹೇಳುತ್ತೇನೆ. ಪಟ್ಟಿಯನ್ನು ನೆಟ್ಟಗೆ ಹಿಡಿದು ಎಡಗಡೆಯಿಂದ, ಎರಡು ರೇಖೆಗಳ ನಡುವೆ, ಬಲಕ್ಕೆ ಜಾರಿಸುತ್ತಾ ಹೋಗಬೇಕು. ಬಡಗಿ ಸೀಳಿನಲ್ಲಿ ಬೆಣೆ ತೂರಿಸಿದಂತೆ ಅದು ಒಂದು ಕಡೆ ಕಚ್ಚಿಕೊಂಡು ನಿಲ್ಲುತ್ತದೆ: ಮೇಲಿನ ತುದಿ ಬೇಡಿಕೆ ರೇಖೆಗೆ 440ರಲ್ಲಿ, ಕೆಳಗಿನ ತುದಿ ಪೂರೈಕೆ ರೇಖೆಗೆ 380ರಲ್ಲಿ. ಪಟ್ಟಿಯ ಕೆಳಗೆ ಅಡ್ಡ ಅಕ್ಷದಲ್ಲಿ ನೋಡಿದರೆ 800. ತೆರಿಗೆ ಬಂದ ಮೇಲಿನ ಮಾರುಕಟ್ಟೆ ಇಷ್ಟೇ. ಕೊಳ್ಳುವವನು 440 ಕೊಡುತ್ತಾನೆ, ಮಾರುವವನ ಕೈಗೆ 380 ಬರುತ್ತದೆ, ನಡುವಿನ 60 ಸರ್ಕಾರಕ್ಕೆ. ಚಲನ್ ಕಟ್ಟುವವನು ಅಂಗಡಿಯವನೋ ಹೊಲಿಯುವವನೋ ಎಂಬುದರಿಂದ ಈ ಪಟ್ಟಿ ನಿಲ್ಲುವ ಜಾಗ ಒಂದು ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಲೆಕ್ಕ ಹಾಕೋಣ. ಸರ್ಕಾರಕ್ಕೆ ಬಂದದ್ದು 60ನ್ನು 800ರಿಂದ ಗುಣಿಸಿದರೆ 48,000 ರೂಪಾಯಿ. ಇದು ಹುಡುಗರು ಗೀಟು ಹಾಕುವ ಆಯತ. ಕೊಳ್ಳುವವರು ಕಳೆದುಕೊಂಡ ಮಿಗುತೆ 36,000, ಮಾರುವವರು ಕಳೆದುಕೊಂಡದ್ದು 18,000, ಒಟ್ಟು 54,000. ಜನ ಕಳೆದುಕೊಂಡದ್ದು 54,000, ಸರ್ಕಾರಕ್ಕೆ ಸಿಕ್ಕಿದ್ದು 48,000. ಇಲ್ಲಿಗೆ ಬಂದಾಗ ಒಂದು ವರ್ಷ ಹಿಂದಿನ ಬೆಂಚಿನಿಂದ ಸಿಂಧನೂರು ಕಡೆಯ ಹುಡುಗನೊಬ್ಬ ಎದ್ದು ನಿಂತು, “ಸರ್, ಉಳಿದ ಆರು ಸಾವಿರ ರೊಕ್ಕ ಯಾರ ಕಿಸೇದಾಗ ಹೋತ್ರೀ?” ಎಂದು ಕೇಳಿದ. ನಡುವೆ ಯಾರೋ ಹೊಡೆದುಕೊಂಡಿರಬೇಕು ಎಂಬ ಅನುಮಾನ ಅವನ ದನಿಯಲ್ಲಿತ್ತು, ಇಡೀ ತರಗತಿ ನಕ್ಕಿತು. ಆದರೆ ಈ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅದೇ.

ಉತ್ತರಕ್ಕೆ ಒಂಬೈನೂರನೆಯ ಪ್ಯಾಂಟಿಗೆ ಮರಳಬೇಕು. ಅದರ ವ್ಯಾಪಾರದಲ್ಲಿ ಹುಟ್ಟುತ್ತಿದ್ದ ಲಾಭ 30 ರೂಪಾಯಿ, ತೆರಿಗೆ 60. ಇಬ್ಬರೂ ಸೇರಿ ತಮ್ಮ ಲಾಭವನ್ನೆಲ್ಲ ಕೊಟ್ಟರೂ ತೆರಿಗೆಗೆ ಸಾಲದು, ಆದ್ದರಿಂದ ಆ ವ್ಯಾಪಾರ ನಡೆಯುವುದಿಲ್ಲ. ಕೊಳ್ಳಬೇಕೆಂದಿದ್ದವನು ಹಳೆಯ ಪ್ಯಾಂಟನ್ನೇ ಇನ್ನಾರು ತಿಂಗಳು ಹಾಕಿಕೊಳ್ಳುತ್ತಾನೆ, ಹೊಲಿಯಬೇಕಿದ್ದವನು ಸಂಜೆ ಆರಕ್ಕೆ ಮಷಿನ್ನಿಗೆ ಬಟ್ಟೆ ಮುಚ್ಚಿ ಎದ್ದು ಹೋಗುತ್ತಾನೆ. ಸರ್ಕಾರಕ್ಕೂ ಆ ಪ್ಯಾಂಟಿನಿಂದ ಒಂದು ಪೈಸೆ ಬರಲಿಲ್ಲ. 30 ರೂಪಾಯಿ ಯಾರ ಕಿಸೆಗೂ ಹೋಗಲಿಲ್ಲ, ಅದು ಹುಟ್ಟಲೇ ಇಲ್ಲ. 800ರ ಪಕ್ಕದ ಪ್ಯಾಂಟಿನಲ್ಲಿ ಹೀಗೆ ಹುಟ್ಟದೇ ಹೋದದ್ದು ಹತ್ತಿರ ಹತ್ತಿರ 60 ರೂಪಾಯಿ, 1,000ದ ಬಳಿಯ ಪ್ಯಾಂಟಿನಲ್ಲಿ ಹೆಚ್ಚುಕಡಿಮೆ ಸೊನ್ನೆ, ಸರಾಸರಿ 30. ಇನ್ನೂರು ಪ್ಯಾಂಟಿಗೆ ತಲಾ 30ರಂತೆ 6,000 ರೂಪಾಯಿ. ಪಟ್ಟಿಯ ಬಲಕ್ಕೆ ಎರಡು ರೇಖೆಗಳ ನಡುವೆ ಉಳಿದ, ಸಮತೋಲನದ ಚುಕ್ಕೆಯ ಕಡೆಗೆ ಮೂತಿ ಚಾಚಿದ ತ್ರಿಕೋನದ ವಿಸ್ತೀರ್ಣ ಅದೇ. ಉತ್ತರ ಪತ್ರಿಕೆಯಲ್ಲಿ ತ್ರಿಕೋನ ಸರಿಯಾಗಿದೆಯೇ ಎಂದು ತಿಳಿಯಲು ನಾನು ಅದರ ತುದಿಯನ್ನಷ್ಟೇ ನೋಡುತ್ತೇನೆ: ತುದಿ ತೆರಿಗೆಗೆ ಮುಂಚಿನ ಸಮತೋಲನದ ಚುಕ್ಕೆಯನ್ನು ಮುಟ್ಟದೆ ಬೇರೆಲ್ಲೋ ಇದ್ದರೆ, ಬರೆದವನು ಚಿತ್ರವನ್ನು ಬಾಯಿಪಾಠ ಮಾಡಿದ್ದಾನೆ ಎಂದೇ ಅರ್ಥ.

(ಈ ‘ಡೆಡ್‌ವೇಟ್’ ಎಂಬ ಪದಕ್ಕೆ ಒಬ್ಬಳು ವಿದ್ಯಾರ್ಥಿನಿ ‘ಹೆಣಭಾರದ ನಷ್ಟ’ ಎಂದು ಬರೆದಿದ್ದಳು. ನಕ್ಕೆನಾದರೂ ಅಂಕ ಕಳೆಯಲಿಲ್ಲ. ಹೊತ್ತವರಿಗೆ ಭಾರ, ಯಾರಿಗೂ ಉಪಯೋಗವಿಲ್ಲ ಎಂಬ ಅರ್ಥ ಅದರಲ್ಲಿ ಪೂರ್ತಿ ಬಂದಿತ್ತು.)

ಇಷ್ಟಾದ ಮೇಲೆ ಜಾಣ ಹುಡುಗರು ಕೇಳುವುದಿದೆ: 48,000ದ ಎದುರು 6,000 ಏನು ಮಹಾ? ಅದಕ್ಕೆ ಉತ್ತರ ಹೇಳುವ ಬದಲು ಇನ್ನೊಂದು ಪಟ್ಟಿ ಕತ್ತರಿಸಲು ಹೇಳುತ್ತೇನೆ, ಈ ಸಲ ಎರಡರಷ್ಟು ಎತ್ತರಕ್ಕೆ, 120 ರೂಪಾಯಿಗೆ. ಅದು 600 ಪ್ಯಾಂಟಿನಲ್ಲಿ ಕಚ್ಚಿಕೊಳ್ಳುತ್ತದೆ. ಆದಾಯ 72,000. ತ್ರಿಕೋನದ ಎತ್ತರ ಈಗ 120, ಪಾದ 400, ನಷ್ಟ 24,000. ತೆರಿಗೆ ಎರಡರಷ್ಟಾದರೆ ನಷ್ಟ ನಾಲ್ಕರಷ್ಟಾಯಿತು, ಏಕೆಂದರೆ ಪಟ್ಟಿ ಎತ್ತರವಾದಂತೆ ತ್ರಿಕೋನ ಮೇಲಕ್ಕೆ ಮಾತ್ರವಲ್ಲ, ಎಡಕ್ಕೂ ಬೆಳೆಯುತ್ತದೆ. ಹೊಸದಾಗಿ ಹೇರಿದ 60 ರೂಪಾಯಿಯಿಂದ ಸರ್ಕಾರಕ್ಕೆ ಹೆಚ್ಚಾಗಿ ಬಂದದ್ದು 24,000, ಸಮಾಜಕ್ಕೆ ಹೆಚ್ಚಾಗಿ ಹೋದದ್ದು 18,000. ಮೊದಲ 60 ರೂಪಾಯಿಯಲ್ಲಿ ಇದೇ ಅನುಪಾತ 48,000ಕ್ಕೆ 6,000 ಇತ್ತು.

ಮೂರನೆಯ ಪಟ್ಟಿ 180ರದ್ದು. ಅದು ನಿಲ್ಲುವುದು 400 ಪ್ಯಾಂಟಿನಲ್ಲಿ. ಆದಾಯ ಎಷ್ಟು ಎಂದು ಗುಣಿಸಿದವರು ಒಂದು ಸಲ ತಪ್ಪಾಯಿತೇನೋ ಎಂದು ಮತ್ತೆ ಗುಣಿಸುತ್ತಾರೆ, ಏಕೆಂದರೆ ಉತ್ತರ ಮತ್ತೆ 72,000ವೇ. ನಷ್ಟ ಮಾತ್ರ 24,000ದಿಂದ 54,000ಕ್ಕೆ ಏರಿದೆ. ಅಂದರೆ 120ರಲ್ಲಿ ಸಿಗುತ್ತಿದ್ದ ಅದೇ ಹಣವನ್ನು 180ರಲ್ಲಿ ಎತ್ತಲು ಹೊರಟ ಸರ್ಕಾರ, ತಾನು ಒಂದು ರೂಪಾಯಿಯನ್ನೂ ಹೆಚ್ಚು ಪಡೆಯದೆ 30,000 ರೂಪಾಯಿಯಷ್ಟು ಲಾಭವನ್ನು ಅಳಿಸಿಹಾಕಿದಂತಾಯಿತು. ಈ ಮಾರುಕಟ್ಟೆಯಲ್ಲಿ ಆದಾಯದ ಶಿಖರ ಇರುವುದು 150ರಲ್ಲಿ, 75,000 ರೂಪಾಯಿ, ಅದರಾಚೆ ಇಳಿಜಾರು. ನಷ್ಟಕ್ಕೆ ಅಂಥ ಶಿಖರವಿಲ್ಲ, ವ್ಯಾಪಾರವೇ ನಿಂತುಹೋಗುವವರೆಗೆ ಅದು ಏರುತ್ತಲೇ ಇರುತ್ತದೆ.

ನಷ್ಟ ತೆರಿಗೆಯ ವರ್ಗದಂತೆ ಬೆಳೆಯುತ್ತದೆ ಎಂಬುದನ್ನು ಮೊದಲು ಬರೆದವರು ಅರ್ಥಶಾಸ್ತ್ರದ ಪ್ರಾಧ್ಯಾಪಕರಲ್ಲ, ಫ್ರಾನ್ಸಿನಲ್ಲಿ ರಸ್ತೆ ಮತ್ತು ಸೇತುವೆಗಳ ಇಲಾಖೆಯ ಎಂಜಿನಿಯರ್ ಆಗಿದ್ದ ಜೂಲ್ಸ್ ಡ್ಯುಪ್ವಿ, 1844ರಲ್ಲಿ. ಅವರ ಮುಂದಿದ್ದದ್ದು ಸೇತುವೆಯ ಸುಂಕದ ಪ್ರಶ್ನೆ. ಕಟ್ಟಿ ನಿಂತ ಸೇತುವೆಯ ಮೇಲೆ ಇನ್ನೊಬ್ಬ ನಡೆದು ದಾಟಿದರೆ ಯಾರಿಗೂ ಖರ್ಚಿಲ್ಲ. ಸುಂಕ ಕಟ್ಟಲಾರದೆ ಒಬ್ಬ ದಡದಿಂದಲೇ ಹಿಂದಿರುಗಿದರೆ ಅವನಿಗಾಗಬಹುದಿದ್ದ ಉಪಯೋಗ ಹಾಗೆಯೇ ವ್ಯರ್ಥ. ಹಿಂದಿರುಗಿದವರನ್ನು ಎಣಿಸುವ ಪುಸ್ತಕ ಸುಂಕದ ಕಟ್ಟೆಯಲ್ಲಿ ಇರುವುದಿಲ್ಲವಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಆರ್ನಾಲ್ಡ್ ಹಾರ್ಬರ್ಗರ್ ಈ ತ್ರಿಕೋನಗಳನ್ನು ನಿಜವಾದ ತೆರಿಗೆಗಳಿಗೆ ಅಳೆದು ಲೆಕ್ಕ ಹಾಕುವ ದಾರಿ ತೋರಿಸಿದ್ದರಿಂದ ತ್ರಿಕೋನಕ್ಕೆ ಅವರ ಹೆಸರೇ ನಿಂತಿದೆ.

ಈ ಚಿತ್ರವನ್ನು ಎಲ್ಲಿ ನಂಬಬಾರದು ಎಂಬುದನ್ನೂ ಹೇಳಬೇಕು, ಅದೂ ನಮ್ಮ ಜಿಲ್ಲೆಯಲ್ಲಿ ಕೂತು. ಮೇಲಕ್ಕೆ ಓದಿದ ಪೂರೈಕೆ ರೇಖೆ ಹೊಲಿಯುವವನ ಖರ್ಚನ್ನು ಮಾತ್ರ ಹೇಳುತ್ತದೆ. ಹೊರಗಿನವರ ಮೇಲೆ ಬಿದ್ದ ಖರ್ಚು ಅದರಲ್ಲಿ ಇರುವುದಿಲ್ಲ. ಪ್ಯಾಂಟಿನ ಜಾಗದಲ್ಲಿ ಕಬ್ಬಿಣದ ಅದಿರನ್ನು ಇಡಿ. ಅದಿರಿನ ಲಾರಿಗಳು ಓಡಾಡುವ ದಾರಿಯ ಬದಿಯ ಹೊಲದಲ್ಲಿ ಬೆಳೆಯ ಮೇಲೆ ಕೂತ ಕೆಂಧೂಳು, ಆ ಧೂಳು ಕುಡಿದವರ ಕೆಮ್ಮು, ಇವು ಗಣಿಯವರ ಲೆಕ್ಕದ ಪುಸ್ತಕದಲ್ಲಿಲ್ಲದ ಖರ್ಚುಗಳು. ಅವನ್ನೂ ಸೇರಿಸಿ ಪೂರೈಕೆ ರೇಖೆಯ ಮೇಲೆ ಇನ್ನೊಂದು ರೇಖೆ ಎಳೆದರೆ, ಸಮತೋಲನದ ಚುಕ್ಕೆಯ ಎಡಕ್ಕಿರುವ ಕೆಲವು ಟನ್ನುಗಳಲ್ಲಿ ಕೊಳ್ಳುವವನಿಗಾಗುವ ಉಪಯೋಗಕ್ಕಿಂತ ಎಲ್ಲರಿಗೂ ಆಗುವ ಖರ್ಚೇ ಮೇಲಿರುತ್ತದೆ. ಅಂಥ ಟನ್ನುಗಳನ್ನು ತೆರಿಗೆ ತಡೆದರೆ ಅದು ನಷ್ಟವಲ್ಲ, ಉಳಿತಾಯ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ್ದನ್ನು ಈ ಹಾಳೆಯ ಮೇಲೆ ಬರೆಯಬೇಕೆಂದರೆ ಅದು ಎರಡು ರೇಖೆಗಳ ನಡುವೆ ಎಲ್ಲೂ ಹಿಡಿಸದಷ್ಟು ಎತ್ತರದ ಪಟ್ಟಿ: ವ್ಯಾಪಾರ ಸೊನ್ನೆ, ಆದಾಯವೂ ಸೊನ್ನೆ. ಎರಡೇ ರೇಖೆ ಇಟ್ಟುಕೊಂಡು ನೋಡಿದವನಿಗೆ ಅದು ಬರೀ ನಷ್ಟವಾಗಿ ಕಾಣುತ್ತದೆ, ಮೂರನೆಯ ರೇಖೆ ಎಳೆದವನು ಹಾಗೆ ಹೇಳುವ ಮುನ್ನ ಅದರ ಎತ್ತರ ಅಳೆಯಬೇಕಾಗುತ್ತದೆ.

ಕೊನೆಯದಾಗಿ ಸ್ಥಿತಿಸ್ಥಾಪಕತ್ವ, ಎಂದರೆ ಬೆಲೆ ಏರಿದಾಗ ಕೊಳ್ಳುವುದು ಎಷ್ಟು ಕಡಿಮೆಯಾಗುತ್ತದೆ ಎಂಬುದು. ಬೇಡಿಕೆ ರೇಖೆ ಕಡಿದಾಗಿದ್ದಷ್ಟೂ ಅದೇ ಪಟ್ಟಿ ಸಮತೋಲನದ ಚುಕ್ಕೆಯ ಹತ್ತಿರವೇ ಕಚ್ಚಿಕೊಳ್ಳುತ್ತದೆ, ತ್ರಿಕೋನ ತೆಳ್ಳಗಿರುತ್ತದೆ. ಬೆಲೆ ಏರಿದರೂ ಊಟ ಬಿಡಲಾಗುವುದಿಲ್ಲವಾದ್ದರಿಂದ ಅಕ್ಕಿಯ ಬೇಡಿಕೆ ಕಡಿದು, ಆದ್ದರಿಂದ ಅಕ್ಕಿಯ ಮೇಲಿನ ತೆರಿಗೆಯಲ್ಲಿ ತ್ರಿಕೋನ ಸಣ್ಣದು ಎಂದು ಪುಸ್ತಕ ಹೇಳುತ್ತದೆ. ಬಡವರ ಸಂಪಾದನೆಯಲ್ಲಿ ದೊಡ್ಡ ಪಾಲು ಅಕ್ಕಿಗೇ ಹೋಗುವುದರಿಂದ ಆ ತೆರಿಗೆಯ ಆಯತವನ್ನು ತುಂಬುವವರು ಯಾರು ಎಂಬುದು ಬೇರೆಯೇ ಪ್ರಶ್ನೆ. ತ್ರಿಕೋನ ಅದಕ್ಕೆ ಉತ್ತರಿಸುವುದಿಲ್ಲ. ಆದರೆ ತ್ರಿಕೋನ ಸಣ್ಣದು ಎಂಬ ಮಾತೂ ಎಷ್ಟು ಜಾಗ್ರತೆಯಿಂದ ಹೇಳಬೇಕಾದದ್ದು ಎಂಬುದನ್ನು ನಮಗೆ ತೋರಿಸಿಕೊಟ್ಟದ್ದು ಗಂಗಾವತಿ, ಸಿಂಧನೂರು ಸೀಮೆಯ ಅಕ್ಕಿಯೇ.

2022ರ ಜುಲೈ 18ರಿಂದ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಂತು. ಬ್ರ್ಯಾಂಡ್ ಇರಲಿ ಬಿಡಲಿ, 25 ಕಿಲೋವರೆಗಿನ ಪ್ಯಾಕೆಟ್ಟಿಗೆ ತೆರಿಗೆ. ಅದಕ್ಕಿಂತ ಹೆಚ್ಚಿನ ತೂಕದ್ದಕ್ಕೆ ಇಲ್ಲ. ಆಮೇಲೆ ಅಂಗಡಿಗಳಲ್ಲಿ 26 ಕಿಲೋ ಚೀಲಗಳು ಬಂದವು. ಅದೇ ಸೋನಾ ಮಸೂರಿ, ಒಂದು ಕಿಲೋ ಹೆಚ್ಚು. ಕಾನೂನು ಮುರಿದವರು ಯಾರೂ ಇಲ್ಲ.

ಅಕ್ಕಿ ಎಂಬ ಸರಕಿನ ಬೇಡಿಕೆ ಕಡಿದಾಗಿರಬಹುದು. ಆದರೆ ತೆರಿಗೆ ಬಿದ್ದದ್ದು ಅಕ್ಕಿಯ ಮೇಲಲ್ಲ, 25 ಕಿಲೋವರೆಗಿನ ಚೀಲದ ಮೇಲೆ. ಪಕ್ಕದಲ್ಲೇ ತೆರಿಗೆ ಇಲ್ಲದ 26ರ ಚೀಲ ಇಟ್ಟಾಗ 25ರ ಚೀಲದ ಬೇಡಿಕೆ ರೇಖೆ ಹೆಚ್ಚುಕಡಿಮೆ ಮಲಗಿಬಿಡುತ್ತದೆ. ಮಲಗಿದ ರೇಖೆಯ ಕೆಳಗೆ ಸಣ್ಣ ಪಟ್ಟಿಯೂ ದೂರ, ಬಹಳ ದೂರ ಎಡಕ್ಕೆ ಹೋಗಿ ನಿಲ್ಲುತ್ತದೆ. ಚೀಲಕ್ಕೆ 1,200 ರೂಪಾಯಿ ಎಂದು ಇಟ್ಟುಕೊಂಡರೆ ತೆರಿಗೆ 60. ಯಾರಾದರೂ ಆ 60 ರೂಪಾಯಿ ತಪ್ಪಿಸಲು, ತಮಗೆ 20 ರೂಪಾಯಿಯಷ್ಟು ತೊಂದರೆ ಎನಿಸುವ 26ರ ಚೀಲವನ್ನು ಕೊಂಡರೆ, ಸರ್ಕಾರಕ್ಕೆ ಬಂದದ್ದು ಸೊನ್ನೆ, ಆ 20 ರೂಪಾಯಿ ತೊಂದರೆ ಪೂರ್ತಿ ಡೆಡ್‌ವೇಟ್ ನಷ್ಟ. ಇಲ್ಲಿ ಆಯತವೇ ಇಲ್ಲದೆ ನಷ್ಟ ಮಾತ್ರ ಇದೆ. ತಿಂಗಳಿಗೆ 10 ಕಿಲೋ ಸಾಕಾಗುವ ಮನೆಗೆ ತೊಂದರೆ ಇನ್ನೂ ಹೆಚ್ಚು: ಒಂದೋ ತೆರಿಗೆ ಕಟ್ಟಿ ಸಣ್ಣ ಪ್ಯಾಕೆಟ್ ತರಬೇಕು, ಇಲ್ಲವೇ ಒಮ್ಮೆಗೇ ದೊಡ್ಡ ಮೊತ್ತ ಹೊಂದಿಸಿ, ಹುಳ ಹಿಡಿಯದಂತೆ ಬೇವಿನೆಲೆ ಹಾಕಿ, ಎರಡೂವರೆ ತಿಂಗಳು ಕಾಯ್ದುಕೊಳ್ಳಬೇಕು.

ನಮ್ಮ ಮನೆಯಲ್ಲಿ ಅಕ್ಕಿ ಹಾಕುವ ಸ್ಟೀಲಿನ ಡ್ರಮ್ಮು ಮೊದಲಿನದೇ, 25 ಕಿಲೋ ಹಿಡಿಯುವಂಥದ್ದು. ಚೀಲ ಬಿಚ್ಚಿ ಸುರಿದ ಮೇಲೆ ಪ್ರತಿ ಸಲವೂ ಒಂದು ಕಿಲೋ ಅಕ್ಕಿ ಹೊರಗುಳಿಯುತ್ತದೆ. ಅದಕ್ಕೆಂದು ಒಲೆಯ ಪಕ್ಕದ ಗೂಡಿನಲ್ಲಿ ಒಂದು ಹಿಂಡಾಲಿಯಂ ಪಾತ್ರೆ ಖಾಯಂ ಆಗಿ ಕೂತಿದೆ.